ಸ್ಲೈಡಿನ ಶೀರ್ಷಿಕೆ ಪೂರ್ಣ ವಾಕ್ಯವಾಗಿರಬೇಕೆ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ಎಂ.ಎಸ್ಸಿ. (ಕೃಷಿ) ವಿದ್ಯಾರ್ಥಿನಿ: ಟೊಮೆಟೊ ಬೆಳೆಯಲ್ಲಿ ಪ್ಲಾಸ್ಟಿಕ್ ಹೊದಿಕೆ, ಹುಲ್ಲಿನ ಹೊದಿಕೆ ಮತ್ತು ಹೊದಿಕೆಯಿಲ್ಲದ ತಾಕುಗಳನ್ನು ಹೋಲಿಸಿದ ನನ್ನ ಪ್ರಬಂಧದ ಸೆಮಿನಾರ್ ಹತ್ತಿರವಾಗಿದೆ. ನನ್ನ ಸ್ಲೈಡುಗಳಿಗೆ ‘ಮಣ್ಣಿನ ತೇವಾಂಶ’, ‘ಇಳುವರಿ’, ‘ಫಲಿತಾಂಶ – 3’ ಎಂಬಂಥ ಶೀರ್ಷಿಕೆಗಳಿವೆ. ಪ್ರತಿಯೊಂದನ್ನೂ ಪೂರ್ಣ ವಾಕ್ಯವಾಗಿ ಬರೆಯಬೇಕೆಂದು ಗೈಡ್ ಹೇಳಿದ್ದಾರೆ. ಹೇಗೆ ಬರೆಯುವುದು? ಹೀಗೆ ಮಾಡಿದವರು ದಯವಿಟ್ಟು ತಿಳಿಸಿ.

ನಿವೃತ್ತ ಬೇಸಾಯಶಾಸ್ತ್ರ ಪ್ರಾಧ್ಯಾಪಕರು: ಒಂದೇ ಒಂದು ಸ್ಲೈಡನ್ನು ತೆಗೆದುಕೊಂಡು ನೋಡೋಣ. ‘ಮಣ್ಣಿನ ತೇವಾಂಶ’ ಎಂಬ ಶೀರ್ಷಿಕೆಯ ಕೆಳಗೆ ಬಹುಶಃ ಮೂರು ಉಪಚಾರಗಳ, ಹಲವು ದಿನಗಳ ದೊಡ್ಡ ಕೋಷ್ಟಕವೊಂದಿದೆ. ಅದರಲ್ಲಿ ಎಲ್ಲಿ ನೋಡಬೇಕೆಂಬುದು ನಿಮಗೆ ಗೊತ್ತು, ಸಭೆಯಲ್ಲಿ ಕುಳಿತವರಿಗೆ ಗೊತ್ತಿಲ್ಲ. ನೀರು ಕೊಟ್ಟ ಐದನೆಯ ದಿನಕ್ಕೆ ಬರಿಯ ತಾಕು ಒಣಗಿ, ಹೊದಿಕೆಯ ಎರಡೂ ತಾಕುಗಳಲ್ಲಿ ತೇವ ಉಳಿದಿತ್ತು ಎಂದು ಇಟ್ಟುಕೊಳ್ಳಿ. ಆಗ ಶೀರ್ಷಿಕೆ ‘ಹೊದಿಕೆ ಹಾಕಿದ ತಾಕುಗಳಲ್ಲಿ ಐದನೆಯ ದಿನವೂ ತೇವ ಉಳಿದಿತ್ತು’ ಎಂದಾಗುತ್ತದೆ. ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ನಾನು ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನೆ ಹಾಕುತ್ತಿದ್ದೆ: ಈ ಶೀರ್ಷಿಕೆಯನ್ನು ಓದಿದ ಪರೀಕ್ಷಕರು ‘ಅದು ಸುಳ್ಳು’ ಎನ್ನಲು ಸಾಧ್ಯವೇ? ‘ಮಣ್ಣಿನ ತೇವಾಂಶ’ವನ್ನು ಯಾರೂ ಸುಳ್ಳೆನ್ನಲಾರರು, ಏಕೆಂದರೆ ಅದು ಏನನ್ನೂ ಹೇಳುವುದಿಲ್ಲ.

ಶೀರ್ಷಿಕೆ ಬದಲಾದ ಮೇಲೆ ಕೆಳಗಿನ ಕೋಷ್ಟಕವನ್ನು ಹಾಗೆಯೇ ಉಳಿಸಿಕೊಳ್ಳುವುದು ಸಾಮಾನ್ಯವಾಗಿ ಕಾಣುವ ತಪ್ಪು. ಹೇಳಿಕೆಗೆ ಬೇಕಾದ ಸಾಕ್ಷ್ಯವೆಂದರೆ ದಿನದಿಂದ ದಿನಕ್ಕೆ ತೇವ ಇಳಿಯುವ ಮೂರು ಗೆರೆಗಳು ಮಾತ್ರ. ಗೆರೆಗಳ ತುದಿಯಲ್ಲಿಯೇ ‘ಪ್ಲಾಸ್ಟಿಕ್’, ‘ಹುಲ್ಲು’, ‘ಬರಿಯ ನೆಲ’ ಎಂದು ಬರೆದು, ಐದನೆಯ ದಿನಕ್ಕೆ ಒಂದು ಗುರುತು ಹಾಕಿದರೆ ಸಾಕು. ಕೋಷ್ಟಕವನ್ನು ಕೊನೆಯ ಹೆಚ್ಚುವರಿ ಸ್ಲೈಡುಗಳಿಗೆ ಸಾಗಿಸಿ, ಯಾರಾದರೂ ಕೇಳಿದಾಗ ತೋರಿಸಿ.

ಕಂಪನಿಯೊಂದರಲ್ಲಿ ಕೆಲಸ ಮಾಡುವವರು: ಇದು ಇಷ್ಟು ಕಷ್ಟದ ಕೆಲಸವೇನಲ್ಲ. ಹಳೆಯ ಶೀರ್ಷಿಕೆಗೆ ಒಂದು ಕ್ರಿಯಾಪದವನ್ನೂ ಒಂದು ಅಂಕಿಯನ್ನೂ ಸೇರಿಸಿದರೆ ಅದು ಹೇಳಿಕೆಯಾಗುತ್ತದೆ. ‘ಇಳುವರಿ’ ಎಂಬುದರ ಬದಲು ‘ಇಳುವರಿ ಶೇಕಡಾ ಇಷ್ಟು ಹೆಚ್ಚಿತು’ ಎಂದು ಬರೆಯಿರಿ. ನಮ್ಮಲ್ಲಿ ಎಲ್ಲರೂ ಹೀಗೆಯೇ ಮಾಡುತ್ತೇವೆ.

ಪ್ರಬಂಧ ಸಲ್ಲಿಸಿದ ಹಿರಿಯ ವಿದ್ಯಾರ್ಥಿ: ದಯವಿಟ್ಟು ಎಚ್ಚರಿಕೆಯಿಂದಿರಿ. ಪ್ರಬಂಧದ ಶೀರ್ಷಿಕೆ ನೋಂದಣಿಯಾದ ಮೇಲೆ ಅದನ್ನು ಬದಲಾಯಿಸಲು ಸಮಿತಿಯ ಒಪ್ಪಿಗೆ ಬೇಕಾಗುತ್ತದೆ. ನನ್ನ ಗೆಳೆಯನೊಬ್ಬ ಶೀರ್ಷಿಕೆಯನ್ನು ವಾಕ್ಯವಾಗಿ ಬದಲಾಯಿಸಿ ಸಲ್ಲಿಸಿದ್ದಕ್ಕೆ ಅರ್ಜಿ ವಾಪಸು ಬಂದಿತ್ತು.

ಪ್ರಶ್ನೆ ಕೇಳಿದವರು: ಅಣ್ಣಾ, ನಾನು ಕೇಳಿದ್ದು ಪ್ರಬಂಧದ ಶೀರ್ಷಿಕೆಯ ವಿಷಯವಲ್ಲ, ಪ್ರತಿ ಸ್ಲೈಡಿನ ಮೇಲ್ಭಾಗದ ಸಾಲಿನ ವಿಷಯ. ಆದರೆ ನಮ್ಮ ವಿಭಾಗದ ಟೆಂಪ್ಲೇಟಿನಲ್ಲಿ ‘ಪೀಠಿಕೆ’, ‘ಸಾಮಗ್ರಿ ಮತ್ತು ವಿಧಾನ’ ಎಂಬ ಹೆಸರುಗಳು ಕಡ್ಡಾಯವಾಗಿವೆ. ಅವನ್ನೇನು ಮಾಡಲಿ?

ನಿವೃತ್ತ ಬೇಸಾಯಶಾಸ್ತ್ರ ಪ್ರಾಧ್ಯಾಪಕರು: ಆ ಹೆಸರನ್ನು ಮೇಲಿನ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಉಳಿಸಿಕೊಳ್ಳಿ, ದೊಡ್ಡ ಸಾಲನ್ನು ಹೇಳಿಕೆಗೆ ಬಿಡಿ. ವಿಧಾನದ ಸ್ಲೈಡಿನಲ್ಲಿಯೂ ಹೇಳಿಕೆಗೆ ಜಾಗವಿದೆ: ‘ಮೂರು ಉಪಚಾರಗಳನ್ನೂ ಪ್ರತಿ ಬ್ಲಾಕಿನೊಳಗೆ ಇರಿಸಿದ್ದರಿಂದ ಮಣ್ಣಿನ ಏರುಪೇರು ಹೋಲಿಕೆಯನ್ನು ಕೆಡಿಸಲಿಲ್ಲ’. ಯಾವ ಹೇಳಿಕೆಯೂ ಹೊಳೆಯದ ಸ್ಲೈಡು ಇದ್ದರೆ, ಅದು ಬೇರೊಂದರಲ್ಲಿ ಸೇರಬೇಕಾದದ್ದು ಅಥವಾ ಹೋಗಬೇಕಾದದ್ದು.

ಕ್ರಿಯಾಪದವೊಂದಿದ್ದರೆ ಸಾಕೆಂಬ ಮೇಲಿನ ಮಾತನ್ನು ನಾನು ಪೂರ್ತಿ ಒಪ್ಪಲಾರೆ. 2003ರ ಜನವರಿಯಲ್ಲಿ ಕೊಲಂಬಿಯಾ ನೌಕೆ ಬಾಹ್ಯಾಕಾಶದಲ್ಲಿದ್ದಾಗ, ಉಡಾವಣೆಯ ವೇಳೆ ಅದರ ಎಡರೆಕ್ಕೆಗೆ ಬಡಿದ, ಇಂಧನ ಟ್ಯಾಂಕಿನ ಹೊರಪದರದ ಫೋಮ್ ತುಂಡಿನ ಬಗ್ಗೆ ಬೋಯಿಂಗ್ ಎಂಜಿನಿಯರುಗಳು ನಾಸಾಕ್ಕೆ ಸ್ಲೈಡುಗಳನ್ನು ತೋರಿಸಿದರು. ಅವುಗಳಲ್ಲೊಂದರ ಶೀರ್ಷಿಕೆ ಪೂರ್ಣ ವಾಕ್ಯವೇ ಆಗಿತ್ತು. ನೌಕೆಯನ್ನು ಶಾಖದಿಂದ ಕಾಯುವ ಟೈಲಿಗೆ ಆಗಬಹುದಾದ ಹಾನಿಯ ಲೆಕ್ಕಾಚಾರವು ಸುರಕ್ಷತೆಯ ಕಡೆಗೇ ವಾಲಿದೆಯೆಂದು ಪರೀಕ್ಷೆಯ ದತ್ತಾಂಶ ಸೂಚಿಸುತ್ತದೆ ಎಂಬುದು ಅದರ ಸಾರಾಂಶ. ಆದರೆ ಅದೇ ಸ್ಲೈಡಿನ ತಳದಲ್ಲಿ, ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಅಂಗುಲದ್ದು, ಬಡಿದದ್ದು ಸುಮಾರು 1920 ಘನ ಅಂಗುಲದ್ದು ಎಂಬರ್ಥದ ಸಾಲಿತ್ತು. ಅಂದರೆ 640 ಪಟ್ಟು ದೊಡ್ಡದು. ಪರೀಕ್ಷೆಯ ವ್ಯಾಪ್ತಿಯ ಆಚೆಗಿನ ಸಂಗತಿಯ ಬಗ್ಗೆ ಆ ದತ್ತಾಂಶ ಹೇಳಬಲ್ಲದ್ದು ಬಹಳ ಕಡಿಮೆ ಎಂಬುದೇ ಶೀರ್ಷಿಕೆಯಾಗಬೇಕಿತ್ತು. ಫೆಬ್ರವರಿ 1ರಂದು ಮರಳುವಾಗ ನೌಕೆ ಒಡೆದು, ಕಲ್ಪನಾ ಚಾವ್ಲಾ ಅವರೂ ಸೇರಿದಂತೆ ಏಳು ಮಂದಿ ಸತ್ತರು. ದುರಂತಕ್ಕೆ ಸ್ಲೈಡು ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ತನಿಖಾ ಮಂಡಳಿಯು ಆ ಸ್ಲೈಡನ್ನು ತನ್ನ ವರದಿಯಲ್ಲಿ ಮುದ್ರಿಸಿ ವಿಮರ್ಶಿಸಿತು.

ನಿಮ್ಮ ಇಳುವರಿಯ ಸ್ಲೈಡಿಗೂ ಇದು ಅನ್ವಯಿಸುತ್ತದೆ. ಪ್ಲಾಸ್ಟಿಕ್ ಮತ್ತು ಹುಲ್ಲಿನ ನಡುವಿನ ಅಂತರವು ಸಿ.ಡಿ. ಮೌಲ್ಯಕ್ಕಿಂತ, ಅಂದರೆ ವ್ಯತ್ಯಾಸವಿದೆಯೆನ್ನಲು ಬೇಕಾದ ಕನಿಷ್ಠ ಅಂತರಕ್ಕಿಂತ, ಕಡಿಮೆಯಿದ್ದರೆ ‘ಪ್ಲಾಸ್ಟಿಕ್ ಹೊದಿಕೆಯಿಂದ ಹೆಚ್ಚು ಇಳುವರಿ’ ಎಂದು ಬರೆಯುವಂತಿಲ್ಲ. ‘ಎರಡೂ ಸಮ’ ಎಂದೂ ಬರೆಯುವಂತಿಲ್ಲ, ಏಕೆಂದರೆ ವ್ಯತ್ಯಾಸ ಕಾಣದಿರುವುದು ಒಂದು, ವ್ಯತ್ಯಾಸವೇ ಇಲ್ಲವೆಂದು ತೋರಿಸುವುದು ಇನ್ನೊಂದು. ‘ಹುಲ್ಲಿಗೂ ಪ್ಲಾಸ್ಟಿಕ್ಕಿಗೂ ಈ ಪ್ರಯೋಗದಲ್ಲಿ ಇಳುವರಿಯ ವ್ಯತ್ಯಾಸ ಕಾಣಲಿಲ್ಲ’ ಎಂಬುದು ನಿಮ್ಮ ದತ್ತಾಂಶ ಹೊರಬಲ್ಲಷ್ಟೇ ಭಾರದ ವಾಕ್ಯ.

ಕಂಪನಿಯೊಂದರಲ್ಲಿ ಕೆಲಸ ಮಾಡುವವರು: ಒಪ್ಪಿದೆ ಸರ್, ಅಂಕಿ ಸೇರಿಸಿದ ಮಾತ್ರಕ್ಕೆ ಹೇಳಿಕೆ ನಿಜವಾಗುವುದಿಲ್ಲ. ಆದರೂ ಅಂಕಿಯಿದ್ದರೆ ಕೇಳುವವರು ಪರಿಶೀಲಿಸಲು ಅನುಕೂಲವಾಗುತ್ತದೆ ಎಂಬ ಮಾತನ್ನು ನಾನು ಬಿಡುವುದಿಲ್ಲ.

ಸಹಕಾರಿ ಬ್ಯಾಂಕಿನ ಶಾಖಾ ವ್ಯವಸ್ಥಾಪಕಿ: ನನ್ನ ಅನುಭವ ಬೇರೆಯೇ ಇದೆ. ಪರಿಶೀಲನಾ ಸಭೆಯಲ್ಲಿ ‘ಸಾಲ ವಸೂಲಿ ಕುಸಿದಿರುವುದು ಮುಖ್ಯವಾಗಿ ಹೊಸ ಸಾಲಗಳಲ್ಲಿ’ ಎಂಬ ಶೀರ್ಷಿಕೆಯ ಸ್ಲೈಡನ್ನು ತೋರಿಸಿದೆ. ಆ ಸಾಲಗಳನ್ನು ಮಂಜೂರು ಮಾಡಿದವರೇ ಎದುರಿಗೆ ಕುಳಿತಿದ್ದರು. ನಕ್ಷೆಯನ್ನು ನೋಡುವ ಮೊದಲೇ ವಾದ ಶುರುವಾಯಿತು, ಮುಂದಿನ ಸ್ಲೈಡಿಗೆ ಹೋಗಲು ಆಗಲೇ ಇಲ್ಲ. ಅಂಥ ಕಡೆ ಮೊದಲು ಅಂಕಿಗಳನ್ನು ತೋರಿಸಿ, ತೀರ್ಮಾನವನ್ನು ಅವರ ಬಾಯಿಂದಲೇ ಬರಿಸುವುದು ಲೇಸೆಂದು ನನಗೆ ಅನ್ನಿಸುತ್ತದೆ.

ನಿವೃತ್ತ ಬೇಸಾಯಶಾಸ್ತ್ರ ಪ್ರಾಧ್ಯಾಪಕರು: ಮೇಡಂ, ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಶೀರ್ಷಿಕೆಯನ್ನು ಎಲ್ಲರೂ ಒಪ್ಪುವ ಮಟ್ಟಕ್ಕೆ ಇಳಿಸಬಹುದು: ‘ಹೊಸ ಸಾಲಗಳ ವಸೂಲಿ ಹಳೆಯವುಗಳಿಗಿಂತ ಕೆಳಗಿದೆ’. ಕಾರಣವನ್ನು ಆಮೇಲಿನ ಸ್ಲೈಡಿಗೆ ಬಿಡಬಹುದು. ಆದರೂ ಸಿಟ್ಟಾಗುವವರು ಸಿಟ್ಟಾಗುತ್ತಾರೆ. ಸೆಮಿನಾರಿನಲ್ಲಿ ಮಾತ್ರ ಈ ತೊಂದರೆ ಕಡಿಮೆ, ಏಕೆಂದರೆ ಪರೀಕ್ಷಕರು ವಾದಕ್ಕೆಂದೇ ಬಂದಿರುತ್ತಾರೆ.

ಪ್ರಶ್ನೆ ಕೇಳಿದವರು: ನಾನು ಹೀಗೆ ಬರೆದಿದ್ದೇನೆ: ‘ಹೊದಿಕೆಯಿಲ್ಲದ ತಾಕುಗಳಿಗೆ ಹೋಲಿಸಿದಾಗ ಹುಲ್ಲು ಹಾಗೂ ಪ್ಲಾಸ್ಟಿಕ್ ಹೊದಿಕೆಗಳನ್ನು ಬಳಸಿದ ತಾಕುಗಳಲ್ಲಿ ನೀರು ಕೊಟ್ಟ ನಂತರದ ಐದನೆಯ ದಿನದಂದು ಮಣ್ಣಿನ ತೇವಾಂಶವು ಹೆಚ್ಚಾಗಿ ಉಳಿದಿರುವುದು ಕಂಡುಬಂದಿತು’. ಸ್ಲೈಡಿನಲ್ಲಿ ಇದು ನಾಲ್ಕು ಸಾಲಾಗಿದೆ.

ಮುದ್ರಣ ವಿನ್ಯಾಸಕಾರರು: ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಸಾಲು ಉದ್ದವಾದಷ್ಟೂ ಓದುಗರು ಹೇಳಿಕೆಗಾಗಿ ಕಾಯಬೇಕಾಗುತ್ತದೆ. ಎರಡು ಸಾಲಿಗೆ ನಿಲ್ಲಿಸಿ. ‘ಹೋಲಿಸಿದಾಗ’, ‘ಕಂಡುಬಂದಿತು’, ‘ನಂತರದ’ ಇವನ್ನೆಲ್ಲ ತೆಗೆದರೆ ಪ್ರಾಧ್ಯಾಪಕರು ಕೊಟ್ಟ ವಾಕ್ಯವೇ ಉಳಿಯುತ್ತದೆ. ಅಕ್ಷರ 28 ಪಾಯಿಂಟಿನ ಆಸುಪಾಸಿನಲ್ಲಿರಲಿ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವಿನ ಅಂತರವನ್ನು ಸ್ವಲ್ಪ ಹೆಚ್ಚಿಸಿ. ಜಾಗ ಸಾಲದಿದ್ದಾಗ ಪವರ್‌ಪಾಯಿಂಟ್ ಅಕ್ಷರವನ್ನು ತಾನಾಗಿಯೇ ಕುಗ್ಗಿಸುವುದುಂಟು, ಹಾಗಾದರೆ ವಾಕ್ಯವನ್ನು ಮೊಟಕುಗೊಳಿಸಿ. ಇನ್ನೊಂದು ವಿಷಯ: ವಾಕ್ಯವನ್ನು ಶೀರ್ಷಿಕೆಗೆಂದೇ ಇರುವ ಚೌಕದಲ್ಲಿ ಬರೆಯಿರಿ, ಹೊಸ ಟೆಕ್ಸ್ಟ್ ಬಾಕ್ಸಿನಲ್ಲಲ್ಲ. ಆಗ ಔಟ್‌ಲೈನ್ ನೋಟದಲ್ಲಿ ಎಲ್ಲ ಶೀರ್ಷಿಕೆಗಳೂ ಒಂದರ ಕೆಳಗೊಂದು ಕಾಣುತ್ತವೆ. ಅವನ್ನಷ್ಟೇ ಓದುತ್ತಾ ಹೋದಾಗ ಎಲ್ಲಿ ಎಡವುತ್ತೀರೋ, ಅಲ್ಲಿ ಒಂದು ಸ್ಲೈಡು ತಪ್ಪಿದೆ ಅಥವಾ ಕ್ರಮ ಹಿಂದುಮುಂದಾಗಿದೆ ಎಂದು ತಿಳಿಯಿರಿ.

ಪ್ರಶ್ನೆ ಕೇಳಿದವರು: ಓದಿ ನೋಡಿದೆ ಸರ್. ತೇವಾಂಶದ ಸ್ಲೈಡಿನಿಂದ ನೇರವಾಗಿ ಇಳುವರಿಗೆ ಹಾರಿದ್ದೇನೆ. ನಡುವೆ ಕಳೆಯ ಬಗ್ಗೆ ಅಳತೆಗಳಿದ್ದರೂ ಅವು ‘ಇತರೆ ಅಂಶಗಳು’ ಎಂಬ ಸ್ಲೈಡಿನೊಳಗೆ ಸೇರಿಹೋಗಿವೆ. ಇವತ್ತು ಅದನ್ನು ಬಿಡಿಸಿ ಬರೆಯುತ್ತೇನೆ.