ಸಂದರ್ಶನದ ಪ್ರಶ್ನೆ: ಸರಕು ಬಂದ ಮೇಲೆ ಬಿಲ್ಲಿನ ದರ ಏರಿದರೆ ಆ ಹಣ ಎಲ್ಲಿ ಕೂರುತ್ತದೆ?

ಅಭ್ಯರ್ಥಿ, ಸುರತ್ಕಲ್: ಎಸ್‌ಎಪಿ ತಂತ್ರಾಂಶದ ಹಣಕಾಸು ಮತ್ತು ಖರೀದಿ ಮಾಡ್ಯೂಲ್‌ಗಳ ಕನ್ಸಲ್ಟೆಂಟ್ ಹುದ್ದೆಗೆ ಸಂದರ್ಶನವಿದೆ. ಖರೀದಿ ಆದೇಶದ ದರಕ್ಕಿಂತ ಬಿಲ್ಲಿನ ದರ ಹೆಚ್ಚಿದ್ದರೆ ಯಾವ ಖಾತೆಗಳಿಗೆ ಎಷ್ಟು ಬೀಳುತ್ತದೆ ಎಂದು ಕೇಳುತ್ತಾರಂತೆ. ಹೇಗೆ ಉತ್ತರಿಸಬೇಕು?

ಖರೀದಿ ವಿಭಾಗದವರು, ಬೈಕಂಪಾಡಿ: ವಸ್ತುವಿಗೆ ಪ್ರತಿ ಖರೀದಿಯೊಂದಿಗೆ ಬದಲಾಗುವ ಚಲಿಸುವ ಸರಾಸರಿ ಬೆಲೆ ಇದ್ದರೆ ವ್ಯತ್ಯಾಸ ಪೂರ್ತಿ ದಾಸ್ತಾನಿಗೆ ಸೇರುತ್ತದೆ. ಮೊದಲೇ ನಿಗದಿ ಮಾಡಿದ ಸ್ಟ್ಯಾಂಡರ್ಡ್ ಬೆಲೆ ಇದ್ದರೆ ದರ ವ್ಯತ್ಯಾಸದ ಖಾತೆಗೆ ಹೋಗುತ್ತದೆ. ಇಷ್ಟು ಹೇಳಿದರೆ ಸಾಕು.

ಕನ್ಸಲ್ಟೆಂಟ್, ಕೊಟ್ಟಾರ: ಸರಾಸರಿ ಬೆಲೆಯ ಬಗ್ಗೆ ಬೈಕಂಪಾಡಿಯವರ ಮಾತು ಸರಕು ಗೋದಾಮಿನಲ್ಲಿ ಹಾಗೆಯೇ ಉಳಿದಿದ್ದರೆ ಮಾತ್ರ ಸರಿ. ಸಂದರ್ಶಕರು ಪರೀಕ್ಷಿಸುವುದು ಸರಕು ಆಗಲೇ ಖರ್ಚಾಗಿರುವ ಸಂದರ್ಭವನ್ನು. ಹಾಗಾಗಿ ಸಂಖ್ಯೆ ಇಟ್ಟುಕೊಂಡೇ ಉತ್ತರಿಸಿ.

ಗೇರುಬೀಜದ ಕಾರ್ಖಾನೆಯೊಂದು 1,000 ಕಿಲೋ ಕಚ್ಚಾ ಬೀಜವನ್ನು ಕಿಲೋಗೆ 100 ರೂಪಾಯಿಯಂತೆ ತರಿಸಿತು, ಬೀಜಕ್ಕೆ ಸರಾಸರಿ ಬೆಲೆ ಇದೆ ಎಂದುಕೊಳ್ಳಿ. ಗುಣಮಟ್ಟ ನೋಡಿದ ಮೇಲೆಯೇ ಕೊನೆಯ ದರ ಇತ್ಯರ್ಥವಾಗುತ್ತದೆ ಎಂಬ ಒಪ್ಪಂದವಿದೆ. ಆದೇಶ ಹೊರಡಿಸಿದಾಗ ಲೆಕ್ಕದ ಪುಸ್ತಕದಲ್ಲಿ ಏನೂ ಬರೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ, ಅನೇಕರು ಇಲ್ಲಿಯೇ ತಡವರಿಸುತ್ತಾರೆ. MIGO ಮೂಲಕ ಸರಕು ಸ್ವೀಕರಿಸಿದಾಗ ದಾಸ್ತಾನಿಗೆ 1,00,000 ಡೆಬಿಟ್, ಜಿಆರ್/ಐಆರ್ ಖಾತೆಗೆ ಅಷ್ಟೇ ಕ್ರೆಡಿಟ್. ಸರಕು ಬಂದಿದೆ, ಬಿಲ್ಲು ಬರಬೇಕಿದೆ ಎಂಬ ಬಾಕಿಯನ್ನು ಈ ಖಾತೆ ಹಿಡಿದಿಟ್ಟುಕೊಳ್ಳುತ್ತದೆ.

ಬಿಲ್ಲು ಬರುವ ಮೊದಲೇ 600 ಕಿಲೋ ಉತ್ಪಾದನೆಗೆ ಹೋಯಿತು, ಅಂದರೆ 60,000 ರೂಪಾಯಿ ಖರ್ಚಿಗೆ ದಾಖಲಾಯಿತು. ಆಮೇಲೆ ಬಿಲ್ಲು ಕಿಲೋಗೆ 105ರಂತೆ ಬಂತು, ಒಟ್ಟು 1,05,000. MIRO ಮೂಲಕ ಬಿಲ್ಲು ದಾಖಲಿಸುವಾಗ ಜಿಆರ್/ಐಆರ್ ಖಾತೆಗೆ 1,00,000 ಡೆಬಿಟ್, ಸರಬರಾಜುದಾರನಿಗೆ 1,05,000 ಕ್ರೆಡಿಟ್. ಉಳಿದ 5,000 ಒಡೆಯುತ್ತದೆ. ಗೋದಾಮಿನಲ್ಲಿರುವ 400 ಕಿಲೋದ ಪಾಲು 2,000 ದಾಸ್ತಾನಿಗೆ ಸೇರುತ್ತದೆ, ಇಲ್ಲದ 600 ಕಿಲೋದ ಪಾಲು 3,000 ದರ ವ್ಯತ್ಯಾಸದ ಖಾತೆಗೆ ಬೀಳುತ್ತದೆ. ದಾಸ್ತಾನಿನ ಮೌಲ್ಯ 42,000 ಆಗಿ ಸರಾಸರಿ ಬೆಲೆ ಕಿಲೋಗೆ 105 ಎಂದು ತೋರಿಸುತ್ತದೆ. ಐದು ಸಾವಿರವನ್ನೂ ದಾಸ್ತಾನಿಗೇ ತುಂಬಿದ್ದರೆ ಉಳಿದ 400 ಕಿಲೋಗೆ 112.50 ರೂಪಾಯಿಯ ಸುಳ್ಳು ಬೆಲೆ ಬರುತ್ತಿತ್ತು. ಕಾರಣ ಕೇಳಿದರೆ ಈ ಸಂಖ್ಯೆಯನ್ನೇ ಹೇಳಿ, ಬೇರೆ ವಿವರಣೆ ಬೇಡ.

ಸ್ಟ್ಯಾಂಡರ್ಡ್ ಬೆಲೆ 98 ಎಂದಿದ್ದರೆ ಸರಕು ಸ್ವೀಕರಿಸುವಾಗಲೇ 2,000, ಬಿಲ್ಲಿನಲ್ಲಿ ಇನ್ನೂ 5,000 ವ್ಯತ್ಯಾಸದ ಖಾತೆಗೆ ಹೋಗುತ್ತದೆ. ಸಂರಚನೆ ಎಲ್ಲಿ ಎಂದು ಕೇಳಿದರೆ OBYC ಎನ್ನಿ: ದಾಸ್ತಾನಿಗೆ BSX, ಜಿಆರ್/ಐಆರ್‌ಗೆ WRX, ವ್ಯತ್ಯಾಸಕ್ಕೆ PRD.

ಲೆಕ್ಕಪತ್ರ ನೋಡುವವರು, ಉಡುಪಿ: ಮೇಡಂ, ನಮ್ಮ ಬೇಕರಿಗೆ ಟ್ಯಾಲಿ ಇದೆ. 50 ಚೀಲ ಮೈದಾಕ್ಕೆ ಬಿಲ್ಲು ಬಂತು, ಬಂದದ್ದು 48 ಚೀಲ. ಅದಕ್ಕೂ ಹೀಗೆಯೇ ಒಡೆಯಬೇಕೇ?

ಕನ್ಸಲ್ಟೆಂಟ್, ಕೊಟ್ಟಾರ: ನಿಮ್ಮದು ದರದ ವ್ಯತ್ಯಾಸವಲ್ಲ ಸರ್, ಪ್ರಮಾಣದ ವ್ಯತ್ಯಾಸ. ಆದರೂ ಕೇಳಿದ್ದು ಒಳ್ಳೆಯದಾಯಿತು, ಸಂದರ್ಶನದಲ್ಲಿ ಮುಂದಿನ ಪ್ರಶ್ನೆ ಇದೇ. ಎಸ್‌ಎಪಿಯಲ್ಲಿ ಎರಡು ಚೀಲದ ಮೊತ್ತ ಜಿಆರ್/ಐಆರ್ ಖಾತೆಯಲ್ಲಿ ಡೆಬಿಟ್ ಆಗಿ ನಿಲ್ಲುತ್ತದೆ. ವ್ಯತ್ಯಾಸ ನಿಗದಿತ ಮಿತಿ ಮೀರಿದ್ದರೆ ಬಿಲ್ಲು ದಾಖಲಾದರೂ ಪಾವತಿ ತಡೆಯಲ್ಪಡುತ್ತದೆ, ಅದನ್ನು MRBR ಮೂಲಕ ಬಿಡಿಸಬೇಕು. ಉಳಿಕೆಯನ್ನು MR11 ಬಳಸಿ ತೆಗೆದುಹಾಕಬಹುದು, ಆದರೆ ‘MR11 ಮಾಡುತ್ತೇನೆ’ ಎಂದು ನೇರವಾಗಿ ಉತ್ತರಿಸುವವರನ್ನು ನಾನು ಆಯ್ಕೆ ಮಾಡುವುದಿಲ್ಲ. ಎರಡು ಚೀಲ ನಾಳೆ ಬರುತ್ತದೆಯೋ, ಸರಬರಾಜುದಾರ ಕ್ರೆಡಿಟ್ ನೋಟು ಕೊಡುತ್ತಾನೋ ಎಂದು ಖರೀದಿ ವಿಭಾಗವನ್ನು ಮೊದಲು ಕೇಳಬೇಕು. ಎರಡೂ ಇಲ್ಲ ಎಂದು ಬರಹದಲ್ಲಿ ಖಚಿತವಾದ ಮೇಲೆಯೇ MR11. ಟ್ಯಾಲಿಯಲ್ಲಿ ನೀವೂ ಕ್ರೆಡಿಟ್ ನೋಟು ಕೇಳಿ, ಪೂರ್ತಿ ಬಿಲ್ಲನ್ನು ಪಾವತಿಸಬೇಡಿ.

ಖರೀದಿ ವಿಭಾಗದವರು, ಬೈಕಂಪಾಡಿ: ಒಪ್ಪಿದೆ. ಆದರೆ ಆ 3,000 ವ್ಯತ್ಯಾಸದ ಖಾತೆಯಲ್ಲೇ ಉಳಿದರೆ ಸಿದ್ಧ ಗೇರುತಿರುಳಿನ ವೆಚ್ಚ ಕಡಿಮೆ ತೋರುವುದಿಲ್ಲವೇ?

ಕನ್ಸಲ್ಟೆಂಟ್, ಕೊಟ್ಟಾರ: ತೋರುತ್ತದೆ. ಸ್ಟ್ಯಾಂಡರ್ಡ್ ಬೆಲೆಯ ವಸ್ತುಗಳಿಗೆ ವಾಸ್ತವ ವೆಚ್ಚ ಲೆಕ್ಕಾಚಾರ ಚಾಲೂ ಮಾಡಿದ್ದರೆ ತಿಂಗಳ ಕೊನೆಗೆ ವ್ಯತ್ಯಾಸವನ್ನು ಸಿದ್ಧ ವಸ್ತುವಿನವರೆಗೆ ಒಯ್ಯಬಹುದು. ಇಲ್ಲಿ ಕಚ್ಚಾ ಬೀಜಕ್ಕೆ ಸರಾಸರಿ ಬೆಲೆ ಇದೆಯಲ್ಲ, ಆ 3,000 ತಾನಾಗಿ ಮುಂದೆ ಹೋಗುವುದಿಲ್ಲ. ಕೆಲವರು ಮಾರಾಟದ ವೆಚ್ಚಕ್ಕೆ ಹಾಕುತ್ತಾರೆ, ಮೊತ್ತ ದೊಡ್ಡದಾದರೆ ಕೈಯಾರೆ ಹಂಚುವವರೂ ಇದ್ದಾರೆ. ನನ್ನ ಒಲವು ಎರಡನೆಯದಕ್ಕೆ, ಲೆಕ್ಕಪರಿಶೋಧಕರು ಎಲ್ಲ ಕಡೆ ಒಪ್ಪುವುದಿಲ್ಲ.

ಅಭ್ಯರ್ಥಿ, ಸುರತ್ಕಲ್: ಧನ್ಯವಾದ ಮೇಡಂ. ಹಾಗಾದರೆ ಕಚ್ಚಾ ಬೀಜಕ್ಕೂ ಸ್ಟ್ಯಾಂಡರ್ಡ್ ಬೆಲೆಯನ್ನೇ ಇಡುವುದು ಒಳ್ಳೆಯದಲ್ಲವೇ ಎಂದು ಅವರು ಕೇಳಿದರೆ?

ಕನ್ಸಲ್ಟೆಂಟ್, ಕೊಟ್ಟಾರ: ಹೌದು ಎಂದೋ ಅಲ್ಲ ಎಂದೋ ಹೇಳುವ ಮೊದಲು, ದರ ವರ್ಷದಲ್ಲಿ ಎಷ್ಟು ಏರಿಳಿಯುತ್ತದೆ, ತಿಂಗಳ ಕೊನೆಯ ವೆಚ್ಚ ಲೆಕ್ಕವನ್ನು ಯಾರು ನಡೆಸುತ್ತಾರೆ ಎಂದು ಅವರನ್ನೇ ಕೇಳಿ.