ಹಳೇ ಸಪ್ಲೈಯರ್ ಇರುವ ಹೋಟೆಲಿಗೆ ಕಾಫಿ ಪುಡಿ: ಮಾತು ಹೇಗೆ ಆಡಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಕಾಫಿ ಬೀಜ ಹುರಿದು, ಪುಡಿ ಮಾಡಿ ಹೋಟೆಲುಗಳಿಗೆ ಕೊಡುತ್ತೇನೆ. ಒಂದು ದರ್ಶಿನಿಯವರು ಎಂಟು ವರ್ಷದಿಂದ ಬೇರೆಯವರ ಪುಡಿ ತರಿಸುತ್ತಿದ್ದಾರೆ. ಮೊದಲ ಸಲ ಹೋದಾಗ ಬಾಯಿ ತಪ್ಪಿ "ಅದರಲ್ಲಿ ಚಿಕೋರಿ ಜಾಸ್ತಿ ಅಲ್ವಾ ಸಾರ್" ಅಂದುಬಿಟ್ಟೆ. ಅವರ ಮುಖ ಬಿಗಿಯಾಯಿತು. 70:30 ಮಿಶ್ರಣ ಅವರೇ ಹೇಳಿ ಮಾಡಿಸಿದ್ದಂತೆ! ಸಪ್ಲೈಯರನ್ನು ಅಂದದ್ದು ಅವರ ಆಯ್ಕೆಗೇ ತಗುಲಿತು.

ಎರಡನೇ ಸಲ ಸುಮ್ನೆ ಕೇಳಿದೆ, "ಅವರಲ್ಲಿ ನಿಮಗೆ ಏನು ಇಷ್ಟ?" ರುಚಿ ಬದಲಾಗಲ್ಲ, ಹದಿನೈದು ದಿನ ಸಾಲ ಕೊಡ್ತಾರೆ ಅಂದರು. ಆಮೇಲೆ ತಾವಾಗೇ ಹೇಳಿದರು: ಗುರುವಾರ ಬಂದ ಪುಡಿ ಭಾನುವಾರ ಬೆಳಿಗ್ಗೆಗೆ ಸಾಲುವುದಿಲ್ಲ.

ಹಾಗಾಗಿ ಹೀಗೆ ಹೇಳೋಣ ಅಂತಿದ್ದೇನೆ: "ಅವರನ್ನು ಬಿಡಬೇಡಿ ಸಾರ್. ಅದೇ 70:30ರಲ್ಲಿ ಶನಿವಾರ ಹುರಿದು, ಸಂಜೆಗೆ ಐದು ಕೆಜಿ ತಲುಪಿಸುತ್ತೇನೆ. ಮೊದಲು ಒಂದು ಕೆಜಿ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿ, ನಿಮ್ಮ ಕಾಫಿ ಮಾಸ್ಟರೇ ರುಚಿ ನೋಡಲಿ." ಬೆಲೆ ಮಾತ್ರ ಇಳಿಸುವುದಿಲ್ಲ. ಇಳಿಸಿದರೆ ಮತ್ತೆ ಹೋಲಿಕೆ ಶುರುವಾಗುತ್ತದೆ.

"ಅವರಿಗಿಂತ ನಿಮ್ಮದರಲ್ಲಿ ಏನು ಹೆಚ್ಚು?" ಅಂತ ನೇರವಾಗಿ ಕೇಳಿದರೆ ಏನು ಹೇಳಲಿ? ಹೋಟೆಲುಗಳಿಗೆ ಮಾಲು ಹಾಕುವವರು ದಯವಿಟ್ಟು ತಿಳಿಸಿ. ಶುಕ್ರವಾರ ಹೋಗುತ್ತಿದ್ದೇನೆ.