ಅಕೌಂಟ್ ಇಲ್ಲದ ದೊಡ್ಡಪ್ಪನಿಗೆ ಫೋಲ್ಡರ್ ಲಿಂಕ್

ರಾಣೆಬೆನ್ನೂರಿನವಳು: ದೊಡ್ಡಪ್ಪ ಹಾನಗಲ್ಲಿನಲ್ಲಿದ್ದಾರೆ. ಗೂಗಲ್ ಅಕೌಂಟ್ ಇಲ್ಲ, ಮಾಡಿಕೊಳ್ಳಲೂ ಒಲ್ಲೆ ಅಂತಾರೆ. ಮನೆತನದ ಹಳೇ ಫೋಟೊಗಳ ಡ್ರೈವ್ ಫೋಲ್ಡರ್ ಲಿಂಕ್ ಕಳಿಸಿದರೆ ನೋಡಬಹುದಾ? ತಮ್ಮ ಹತ್ತಿರ ಇರುವವನ್ನು ಅವರೇ ಹಾಕಬಹುದಾ? ಮಾಡಿ ನೋಡಿದವರು ಹೇಳಿ.

ಹುಬ್ಬಳ್ಳಿ ಪ್ರೆಸ್‌ನವ: ಫೋಟೊ ವಿಷಯ ಬಿಡಿ, ನನ್ನ ಕಥೆ ಕೇಳಿ. ಹೋದ ವರ್ಷ ಒಂದು ಲಗ್ನಕ್ಕೆ 1200 ಪತ್ರಿಕೆ, ಲಕೋಟೆ ಮೇಲೆ ಹೆಸರು ಊರು ಸಹಿತ. ಪಟ್ಟಿಯನ್ನು ಶೀಟ್‌ನಲ್ಲಿ ಮಾಡಿ, ಬೀಗರ ಕಡೆಯವರು ಸೇರಿಸಲಿ ಅಂತ "Anyone with the link" ಇಟ್ಟು "Editor" ಕೊಟ್ಟೆ. ಯಾರೋ ಪುಣ್ಯಾತ್ಮರು ಹೆಸರಿನ ಕಾಲಂ ಒಂದನ್ನೇ ಅಕಾರಾದಿಗೆ ಹಚ್ಚಿದರು. ಹೆಸರು ಸರಿದವು, ಊರು ಇದ್ದಲ್ಲೇ ಉಳಿದವು. ನೋಡದೇ 400 ಲಕೋಟೆ ಹೊಡೆದೆ. ಕಾಗದ, ಇಂಕು, ಹುಡುಗನ ರಾತ್ರಿ ಪಾಳಿ ಎಲ್ಲ ಸೇರಿ 2300 ರೂಪಾಯಿ ನನ್ನ ಕಿಸೆಯಿಂದ. ಯಾರು ಮಾಡಿದ್ದು ಅಂತ "Version history" ತೆಗೆದರೆ "All anonymous users" ಅಂತಷ್ಟೇ ಇತ್ತು. ಸೈನ್ ಇನ್ ಆಗದವರೆಲ್ಲ ಒಂದೇ ಗೋಣಿಚೀಲದಲ್ಲಿ. ಹಿಂದಿನ ದಿನದ ಪ್ರತಿಯನ್ನು "Restore" ಮಾಡಿದೆ, ಪಟ್ಟಿ ಸರಿಯಾಯಿತು. ಲಕೋಟೆ ಆಗಲಿಲ್ಲ.

ಧಾರವಾಡ ಟೀಚರಕ್ಕ: ನೋಡದೇ ಹೊಡೆದದ್ದು ನಿಮ್ಮ ತಪ್ಪು ರೀ, ಲಿಂಕಿನದ್ದಲ್ಲ. ತಂಗಿ, ಫೋಲ್ಡರ್‌ಗೂ "Editor" ಕೊಟ್ಟುಬಿಡು, ದೊಡ್ಡಪ್ಪ ತಾವೇ ಹಾಕ್ತಾರೆ. ನಮ್ಮ ಶಾಲೆಯ ಹಳೇ ವಿದ್ಯಾರ್ಥಿಗಳ ಫೋಟೊ ಹಾಗೇ ತರಿಸಿದೆ. ಕೆಲವರು "ಬರ್ತಿಲ್ಲ ಟೀಚರ್" ಅಂದರು, ಅವರಿಗೆ ಮೊದಲಿಂದಲೂ ಸೋಮಾರಿತನ.

ಗದಗ ಸ್ಟುಡಿಯೋ: ಅಕ್ಕಾ, ಅವರು ಸೋಮಾರಿಗಳಲ್ಲ. ಡಾಕ್ಸ್, ಶೀಟ್ ಆದರೆ ಅಕೌಂಟ್ ಇಲ್ಲದವರೂ ಬ್ರೌಸರ್‌ನಲ್ಲಿ ತಿದ್ದಬಹುದು, ಪ್ರೆಸ್ ಅಣ್ಣ ಅನುಭವಿಸಿದ್ದು ಅದನ್ನೇ. ಫೋಲ್ಡರ್ ಹಾಗಲ್ಲ. ನೋಡಬಹುದು, ಇಳಿಸಿಕೊಳ್ಳಬಹುದು. ಹೊಸ ಫೈಲ್ ಹಾಕಬೇಕೆಂದರೆ ಸೈನ್ ಇನ್ ಆಗಲೇಬೇಕು, "Editor" ಕೊಟ್ಟರೂ ಅಷ್ಟೇ. ನಿಮ್ಮ ಫೋನಿನಲ್ಲಿ ನೀವು ಸೈನ್ ಇನ್ ಆಗಿರುತ್ತೀರಿ, ಅದಕ್ಕೇ ಗೊತ್ತಾಗಲ್ಲ. ಅದೇ ಲಿಂಕನ್ನು ಕ್ರೋಮ್‌ನ ಇನ್‌ಕಾಗ್ನಿಟೊದಲ್ಲಿ ತೆರೆದು ನೋಡಿ, ದೊಡ್ಡಪ್ಪನಿಗೆ ಏನು ಕಾಣುತ್ತೋ ಅದೇ ಕಾಣುತ್ತೆ. ಅಲ್ಲೂ ಲಾಗಿನ್ ಕೇಳಿದರೆ ಲಿಂಕ್ ಇನ್ನೂ "Restricted" ಇದೆ ಅಂತ ಅರ್ಥ.

ಧಾರವಾಡ ಟೀಚರಕ್ಕ: ಹಾಗಿದ್ರೆ ಫಾರ್ಮ್ ಮಾಡಿ, ಫೈಲ್ ಅಪ್‌ಲೋಡ್ ಪ್ರಶ್ನೆ ಇಡೋದಪ್ಪ.

ಗದಗ ಸ್ಟುಡಿಯೋ: ಅದನ್ನಿಟ್ಟ ಕೂಡಲೇ ಫಾರ್ಮ್ ಕೂಡ ಸೈನ್ ಇನ್ ಕೇಳುತ್ತೆ. ನಾನು ಕೊನೆಗೆ ಹಿಡಿದದ್ದು ಡ್ರಾಪ್‌ಬಾಕ್ಸ್‌ನ "File request". ಲಿಂಕ್ ಕಳಿಸಿದರೆ ಅವರು ಫೈಲ್ ಆರಿಸಿ, ಹೆಸರು ಇಮೇಲ್ ಬರೆದು ಕಳಿಸುತ್ತಾರೆ, ಅಕೌಂಟ್ ಬೇಡ. ಒಬ್ಬರು ಕಳಿಸಿದ್ದು ಇನ್ನೊಬ್ಬರಿಗೆ ಕಾಣಲ್ಲ. ಆದರೆ ಎಲ್ಲ ನಮ್ಮ ಜಾಗದಲ್ಲೇ ಕೂರುತ್ತೆ, ಪುಕ್ಕಟೆ ಅಂದರೆ 2 ಜಿಬಿ. ಒಂದು ಫೋಟೊ 9 ಎಂಬಿ ಅಂತ ಹಿಡಿದರೆ ಸುಮಾರು 220ಕ್ಕೆ ಖಲಾಸ್. ಒಂದು ಮುಂಜಿವೆಯಲ್ಲಿ ಹಾಗೇ ತುಂಬಿತು, ಆಮೇಲೆ ಕಳಿಸಿದವರದ್ದು ಹತ್ತಲೇ ಇಲ್ಲ. ಎರಡು ದಿನ "ಕಳಿಸಿದೀವಿ", "ಬಂದಿಲ್ಲ" ಅಂತ ಫೋನಿನಲ್ಲೇ ಜಗಳ. ಈಗ ದಿನಾ ಸಂಜೆ ಹಾರ್ಡ್‌ಡಿಸ್ಕ್‌ಗೆ ಇಳಿಸಿ ಖಾಲಿ ಮಾಡ್ತೀನಿ.

ಹುಬ್ಬಳ್ಳಿ ಪ್ರೆಸ್‌ನವ: ಇಷ್ಟೆಲ್ಲ ಯಾಕೆ? ವಾಟ್ಸಾಪ್‌ನಲ್ಲಿ ಕಳಿಸಲಿ, ಮುಗೀತು.

ಗದಗ ಸ್ಟುಡಿಯೋ: ಡಾಕ್ಯುಮೆಂಟ್ ಅಂತ ಕಳಿಸಿದರೆ ಸರಿ. ಸುಮ್ನೆ ಫೋಟೊ ಅಂತ ಕಳಿಸಿದರೆ ಕುಗ್ಗಿ ಬರುತ್ತೆ. ನೀವೇ ಆವತ್ತು ಅಂಥದ್ದನ್ನು ಬ್ಯಾನರ್‌ಗೆ ಹಾಕಿ ನನ್ನ ಫೋಟೊ ಸರಿಯಿಲ್ಲ ಅಂತ ಬೈದಿರಲ್ಲ.

ಹುಬ್ಬಳ್ಳಿ ಪ್ರೆಸ್‌ನವ: ಆ ಬ್ಯಾನರ್ ಬಾಕಿ ಇನ್ನೂ ಕೊಟ್ಟಿಲ್ಲ ನೀವು. ಅದನ್ನೂ ಇಲ್ಲೇ ಹೇಳಲಾ?

ಹಾವೇರಿ ಕಾಕಾ: ಜಗಳ ಆಮೇಲೆ ಮಾಡ್ರಿ. ನಾನೂ 68ರ ಮುದುಕ, ನನಗೂ ಅಕೌಂಟ್ ಇಲ್ಲ ಅಂತಿದ್ದೆ. ಮೊಮ್ಮಗಳು ಫೋನ್ ತೆಗೆದು ನೋಡಿದರೆ ಮೊಬೈಲ್ ಅಂಗಡಿ ಹುಡುಗ ತನ್ನ ಅಕೌಂಟ್ ಹಾಕಿ ಕೊಟ್ಟಿದ್ದ, ಪ್ಲೇ ಸ್ಟೋರ್‌ನಿಂದ ವಾಟ್ಸಾಪ್ ಇಳಿಸೋಕೆ. ನಾನು ಮಗಳ ಫೋಲ್ಡರ್‌ಗೆ ಹಾಕಿದ 60 ಫೋಟೊ ಎಲ್ಲ ಆ ಹುಡುಗನ ಹೆಸರಲ್ಲಿ. ಹಾಕಿದವನೇ ಮಾಲೀಕ, ಅವನ 15 ಜಿಬಿಯಲ್ಲೇ ಲೆಕ್ಕ. ಒಂದಿನ ಜಾಗ ಸಾಲಲಿಲ್ಲ ಅಂತ ಅವನು ಅಳಿಸಿದ, ಮಗಳ ಕಡೆಯಿಂದಲೂ ಹೋದವು. ನಮ್ಮ ಅವ್ವನ ಒಂದೇ ಫೋಟೊ ಅದರಲ್ಲಿತ್ತು. ಕಾಗದದ್ದು ಟ್ರಂಕಿನಲ್ಲಿದೆ, ತುದಿಗೆ ಗೆದ್ದಲು ಹತ್ತಿದೆ.

ಧಾರವಾಡ ಟೀಚರಕ್ಕ: ಅಳಿಸಿದ್ದು ಕಸದಬುಟ್ಟಿಯಲ್ಲಿ 30 ದಿನ ಇರುತ್ತಲ್ಲ ಕಾಕಾ, ಕೇಳಬೇಕಿತ್ತು.

ಹಾವೇರಿ ಕಾಕಾ: ಗೊತ್ತಾದದ್ದೇ ದೀಪಾವಳಿಗೆ, ಅವನು ಅಳಿಸಿದ್ದು ಶ್ರಾವಣದಲ್ಲಿ.

ರಾಣೆಬೆನ್ನೂರಿನವಳು: ದೊಡ್ಡಪ್ಪನಿಗೆ ಫೋನ್ ಮಾಡಿದೆ. ಪ್ಲೇ ಸ್ಟೋರ್ ತೆಗೆದು ಮೇಲಿನ ಗುಂಡನೆ ಚಿತ್ರ ಒತ್ತಿ ಅಂದೆ. "ಇಲ್ಲಿ ಯಾರೋ ಮಂಜುನಾಥ ಅಂತಿದೆ, ಯಾರವ?" ಅಂತಾರೆ.